ಮಾಲು ಎಷ್ಟಕ್ಕೆ ಇಳಿದಾಗ ಆರ್ಡರ್ ಹಾಕಬೇಕು? ಮಾರಾಟವೂ ನಿಲ್ಲದೆ, ಲಾರಿಯೂ ಹೊತ್ತಿಗೆ ಬಾರದೆ ಇದ್ದಾಗಿನ ಲೆಕ್ಕ

6205 ಬೇರಿಂಗ್ ತಗೊಳ್ಳೋಣ. ಒಳಗಿನ ತೂತು 25 ಮಿಲಿಮೀಟರ್, ಹೊರಗಿನ ಅಳತೆ 52, ದಪ್ಪ 15. ಸಣ್ಣ ಮೋಟರ್‌ಗಳಲ್ಲಿ, ಎಷ್ಟೋ ವಾಷಿಂಗ್ ಮೆಷಿನ್‌ಗಳಲ್ಲಿ ಸಿಗುವ ಮಾಮೂಲಿ ಬೇರಿಂಗ್ ಅದು. ದಾವಣಗೆರೆಯಲ್ಲಿ ಒಂದು ಬೇರಿಂಗ್ ಅಂಗಡಿ ಇದೆ, ಮೋಟರ್ ವೈಂಡಿಂಗ್‌ನವರು, ಪಂಪ್ ರಿಪೇರಿಯವರು, ಹಿಟ್ಟಿನ ಗಿರಣಿಯವರು ಅದರ ಗಿರಾಕಿಗಳು, ಮಾಲು ಬೆಂಗಳೂರಿನ ಡಿಸ್ಟ್ರಿಬ್ಯೂಟರ್ ಹತ್ತಿರದಿಂದ ಲಾರಿ ಪಾರ್ಸೆಲ್‌ನಲ್ಲಿ ಬರುತ್ತದೆ ಅಂತ ಇಟ್ಟುಕೊಳ್ಳಿ. ಕೆಳಗಿನ ಅಂಕಿಗಳೆಲ್ಲ ಲೆಕ್ಕ ತೋರಿಸಲು ಕಟ್ಟಿಕೊಂಡವು. ನಿಮ್ಮ ಅಂಗಡಿಯ ಅಂಕಿ ಹಾಕಿದರೆ ದಾರಿ ಅದೇ.

ಪ್ರಶ್ನೆ ಇಷ್ಟೇ: ರ್‍ಯಾಕ್‌ನಲ್ಲಿ ಎಷ್ಟು ಪೀಸ್ ಉಳಿದಾಗ ಮುಂದಿನ ಆರ್ಡರ್ ಹಾಕಬೇಕು? ಅದಕ್ಕೆ ರಿಆರ್ಡರ್ ಪಾಯಿಂಟ್ ಅಂತಾರೆ. ಅದರಲ್ಲಿ ಎರಡು ಭಾಗ. ಮಾಲು ಬರುವ ತನಕ ಸಾಮಾನ್ಯವಾಗಿ ಖರ್ಚಾಗುವಷ್ಟು ಒಂದು. ಮಾರಾಟ ಜಾಸ್ತಿಯಾದರೆ ಅಥವಾ ಲಾರಿ ತಡವಾದರೆ ಇರಲಿ ಅಂತ ಇಟ್ಟುಕೊಳ್ಳುವ ಸೇಫ್ಟಿ ಸ್ಟಾಕ್ ಇನ್ನೊಂದು. ಹೆಚ್ಚಿನವರು ಈ ಎರಡನೆಯದನ್ನು ಕಣ್ಣಂದಾಜಿನಲ್ಲಿ ಇಡುತ್ತಾರೆ, ಇಲ್ಲವೇ ಮಾರಾಟದ ಏರಿಳಿತವನ್ನು ಮಾತ್ರ ನೋಡಿ ಇಡುತ್ತಾರೆ. ಮಾಲು ಖಾಲಿ ಆಗುವುದು ಮಾತ್ರ ಬಹಳ ಸಲ ಲಾರಿಯ ಕಡೆಯಿಂದ.

ಮೊದಲು ಮಾರಾಟದ ಪಟ್ಟಿ

ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ದಿನದ ಮಾರಾಟ ತೆಗೆಯಿರಿ. ಒಂದೊಂದು ಐಟಂಗೂ ಬೇರೆ ಪಟ್ಟಿ ಬೇಕು. ಎರಡೂ ಕಡೆ ತಗಡಿನ ಮುಚ್ಚಳ ಇರುವ 6205 ZZ ಬೇರೆ, ರಬ್ಬರ್ ಸೀಲ್ ಇರುವ 6205 2RS ಬೇರೆ. ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ ಒಂದು ಖಾಲಿಯಾಗಿ ಇನ್ನೊಂದು ಕೊಳೆಯುತ್ತಿದ್ದರೂ ಕಂಪ್ಯೂಟರ್‌ನಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ.

ನಮ್ಮ ಉದಾಹರಣೆಯಲ್ಲಿ ZZ ಬೇರಿಂಗಿನ 12 ದಿನದ ಮಾರಾಟ ಹೀಗಿದೆ: 12, 9, 20, 14, 8, 27, 11, 6, 18, 15, 10, 18. ಒಟ್ಟು 168, ದಿನಕ್ಕೆ ಸರಾಸರಿ 14. ಏರಿಳಿತ ಎಷ್ಟು ಅನ್ನುವುದನ್ನು ಸ್ಟ್ಯಾಂಡರ್ಡ್ ಡೀವಿಯೇಷನ್ ಹೇಳುತ್ತದೆ, ಅದು ಇಲ್ಲಿ ಸುಮಾರು 6. ಪುಟದಲ್ಲಿ ಹಿಡಿಯಲಿ ಅಂತ 12 ದಿನ ತಗೊಂಡಿದ್ದೇನೆ, ನೀವು ಕನಿಷ್ಠ ಎರಡು ಮೂರು ತಿಂಗಳದ್ದು ತಗೊಳ್ಳಿ.

ಪಟ್ಟಿಯನ್ನು ಹಾಗೇ ಬಳಸಬೇಡಿ, ಮೊದಲು ಸ್ವಲ್ಪ ಕ್ಲೀನ್ ಮಾಡಬೇಕು. ಸೊನ್ನೆ ಇರುವ ದಿನಗಳನ್ನು ನೋಡಿ. ಅಂಗಡಿ ತೆಗೆದಿತ್ತು, ಮಾಲೂ ಇತ್ತು, ಯಾರೂ ಕೇಳಲಿಲ್ಲ ಅಂದರೆ ಅದು ನಿಜವಾದ ಸೊನ್ನೆ, ಇರಲಿ. ಗಿರಾಕಿ ಕೇಳಿದ, "ಇಲ್ಲ ಅಣ್ಣ, ನಾಳೆ ಬನ್ನಿ" ಅಂತ ಕಳಿಸಿದಿರಿ ಅಂದರೆ ಅದು ಸೊನ್ನೆ ಅಲ್ಲ, ಬೇಡಿಕೆ ಇತ್ತು, ಬಿಲ್ ಆಗಲಿಲ್ಲ ಅಷ್ಟೇ. ಅಂಥ ದಿನಗಳನ್ನು ಪಟ್ಟಿಯಿಂದ ತೆಗೆಯಿರಿ. ಇಲ್ಲದಿದ್ದರೆ ಸರಾಸರಿ ಇಳಿಯುತ್ತದೆ, ರಿಆರ್ಡರ್ ಪಾಯಿಂಟೂ ಇಳಿಯುತ್ತದೆ, ಮುಂದಿನ ಸಲ ಇನ್ನೂ ಬೇಗ ಖಾಲಿಯಾಗುತ್ತದೆ. ಕೌಂಟರ್ ಪಕ್ಕ ಒಂದು ನೋಟ್‌ಬುಕ್ ಇಟ್ಟು, ಕೇಳಿ ಬಂದು ಸಿಗದೆ ಹೋದ ಐಟಂಗಳನ್ನು ಹುಡುಗರ ಕೈಲಿ ಬರೆಸಿದರೆ ಇದು ಸುಲಭ. ಇನ್ನೊಂದು, ಯಾರೋ ಕಂಟ್ರಾಕ್ಟರ್ ಮೊದಲೇ ಫೋನ್ ಮಾಡಿ ಒಂದೇ ಸಲ 100 ಪೀಸ್ ಒಯ್ದಿದ್ದರೆ ಅದನ್ನೂ ತೆಗೆಯಿರಿ. ಮೊದಲೇ ಹೇಳಿ ತಗೊಳ್ಳುವವರಿಗೆ ಬೇರೆಯಾಗಿ ತರಿಸಿ ಕೊಡಬಹುದು, ಅದಕ್ಕೆ ಅಂತ ವರ್ಷವಿಡೀ ದುಡ್ಡು ಕೂಡಿಡುವುದು ಬೇಡ.

ಆಮೇಲೆ ಲೀಡ್ ಟೈಮ್, ಇದನ್ನು ಯಾರೂ ಬರೆದಿಟ್ಟಿರುವುದಿಲ್ಲ

"ಮಾಲು ಎಷ್ಟು ದಿನಕ್ಕೆ ಬರುತ್ತದೆ?" ಅಂತ ಕೇಳಿದರೆ ಎಲ್ಲರೂ "ನಾಲ್ಕೈದು ದಿನ" ಅಂತಾರೆ. ಅದು ಡಿಸ್ಟ್ರಿಬ್ಯೂಟರ್ ಹೇಳುವ ಮಾತು. ನಮಗೆ ಬೇಕಾದದ್ದು ನಿಜವಾಗಿ ಎಷ್ಟು ದಿನ ಹಿಡಿಯಿತು ಅನ್ನುವುದು, ಅದೂ ಪ್ರತಿ ಆರ್ಡರ್‌ಗೆ.

ಎಲ್ಲಿಂದ ಎಲ್ಲಿಗೆ ಎಣಿಸಬೇಕು? ಸ್ಟಾಕ್ ರಿಆರ್ಡರ್ ಪಾಯಿಂಟ್ ಮುಟ್ಟಿದ ದಿನದಿಂದ, ಮಾಲು ಎಣಿಸಿ ರ್‍ಯಾಕ್‌ಗೆ ಇಟ್ಟು ಮಾರಲು ಸಿಗುವ ದಿನದ ತನಕ. ಫೋನ್ ಮಾಡಿದ ದಿನದಿಂದ ಎಣಿಸಿದರೆ ತಪ್ಪುತ್ತದೆ. ಯಾಕೆಂದರೆ ಸ್ಟಾಕ್ ಮಂಗಳವಾರವೇ ಇಳಿದಿರುತ್ತದೆ, "ಇನ್ನೆರಡು ಐಟಂ ಸೇರಲಿ, ಒಟ್ಟಿಗೆ ಹಾಕೋಣ, ಲಾರಿ ಬಾಡಿಗೆ ಉಳಿಯುತ್ತದೆ" ಅಂತ ಶುಕ್ರವಾರದ ತನಕ ಕಾಯುತ್ತೀರಿ, ಆ ಮೂರು ದಿನವೂ ಗಿರಾಕಿ ಮಾಲು ಒಯ್ಯುತ್ತಲೇ ಇರುತ್ತಾನೆ. ಹಾಗೆಯೇ ಕೊನೆಯಲ್ಲಿ ಪಾರ್ಸೆಲ್ ಟ್ರಾನ್ಸ್‌ಪೋರ್ಟ್ ಗೋಡೌನ್‌ಗೆ ಬಂದು ಬಿದ್ದಿರುತ್ತದೆ, ಬಿಡಿಸಿಕೊಂಡು ಬರಲು ಆಟೋ ಸಿಗಲಿಲ್ಲ ಅಂತ ಒಂದು ದಿನ ಹೋಗುತ್ತದೆ. ಅದೂ ಲೀಡ್ ಟೈಮೇ.

ಎರಡೂ ಪಟ್ಟಿಯಲ್ಲಿ ದಿನ ಅಂದರೆ ಒಂದೇ ಅರ್ಥ ಇರಬೇಕು. ಮಾರಾಟವನ್ನು ಭಾನುವಾರ ಬಿಟ್ಟು ಎಣಿಸಿದ್ದರೆ ಲೀಡ್ ಟೈಮನ್ನೂ ಭಾನುವಾರ ಬಿಟ್ಟು ಎಣಿಸಿ. ಒಂದು ಕಡೆ ಕೆಲಸದ ದಿನ, ಇನ್ನೊಂದು ಕಡೆ ಕ್ಯಾಲೆಂಡರ್ ದಿನ ಹಾಕಿ ಉತ್ತರ ಯಾಕೋ ಸರಿ ಇಲ್ಲ ಅಂತ ತಲೆ ಕೆರೆದುಕೊಳ್ಳುವವರು ಬಹಳ.

ನಮ್ಮ ಅಂಗಡಿಯ ಕಳೆದ 8 ಆರ್ಡರ್‌ಗಳು ತಗೊಂಡ ಕೆಲಸದ ದಿನ: 5, 6, 4, 6, 12, 5, 7, 3. ಒಟ್ಟು 48, ಸರಾಸರಿ 6. ಸ್ಟ್ಯಾಂಡರ್ಡ್ ಡೀವಿಯೇಷನ್ ಕೈಯಲ್ಲೇ ಮಾಡಿ ನೋಡೋಣ. ಸರಾಸರಿಯಿಂದ ಒಂದೊಂದರ ಅಂತರ −1, 0, −2, 0, 6, −1, 1, −3. ಇವುಗಳ ವರ್ಗ ಕೂಡಿದರೆ 52. ಎಂಟರಲ್ಲಿ ಒಂದು ಕಳೆದು 7ರಿಂದ ಭಾಗಿಸಿದರೆ 7.43. ಅದರ ವರ್ಗಮೂಲ 2.73 ದಿನ.

ಆ 52ರಲ್ಲಿ 36 ಒಂದೇ ಆರ್ಡರ್‌ನಿಂದ ಬಂದಿದೆ, 12 ದಿನ ಹಿಡಿದ ಆ ಆರ್ಡರ್‌ನಿಂದ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸೂತ್ರ ಮತ್ತು ಅದರ ಒಳಗಿನ ಕಥೆ

```
SS  = z * sqrt( L * sd^2 + d^2 * sL^2 )
ROP = d * L + SS
```

`SS` ಅಂದರೆ ಸೇಫ್ಟಿ ಸ್ಟಾಕ್, `ROP` ಅಂದರೆ ರಿಆರ್ಡರ್ ಪಾಯಿಂಟ್. `d` ದಿನದ ಸರಾಸರಿ ಮಾರಾಟ (14), `sd` ಅದರ ಏರಿಳಿತ (6). `L` ಸರಾಸರಿ ಲೀಡ್ ಟೈಮ್ (6), `sL` ಅದರ ಏರಿಳಿತ (2.73). `z` ಅನ್ನುವುದು ಎಷ್ಟು ಧೈರ್ಯ ಬೇಕು ಅನ್ನುವುದರ ಅಳತೆ, ಅದಕ್ಕೆ ಆಮೇಲೆ ಬರುತ್ತೇನೆ.

ವರ್ಗಮೂಲದ ಒಳಗೆ ಎರಡು ತುಂಡಿವೆ. ಮೊದಲನೆಯದು ಮಾರಾಟದ ಏರಿಳಿತ: 6 × 36 = 216. ಎರಡನೆಯದು ಲಾರಿಯ ಏರಿಳಿತ: 14 × 14 × 7.43 = ಸುಮಾರು 1456. ಒಟ್ಟು 1672, ಅದರಲ್ಲಿ ಶೇ. 87 ಭಾಗ ಲಾರಿಯದ್ದೇ!

ಯಾಕೆ ಹೀಗೆ? ದಿನದ ಮಾರಾಟ ಒಂದು ದಿನ 27 ಆದರೆ ಇನ್ನೊಂದು ದಿನ 6 ಆಗುತ್ತದೆ, ಆರು ದಿನ ಕೂಡಿದಾಗ ಹೆಚ್ಚು ಕಡಿಮೆ ಒಂದಕ್ಕೊಂದು ಸರಿಹೋಗಿ ಉಳಿಯುವ ಅಲುಗಾಟ ಸುಮಾರು 15 ಪೀಸ್ ಮಾತ್ರ. ಆದರೆ ಲಾರಿ ಒಂದು ದಿನ ತಡವಾದರೆ ಆ ಇಡೀ ದಿನದ 14 ಪೀಸ್ ಹೆಚ್ಚಿಗೆ ಬೇಕು. 2.73 ದಿನಕ್ಕೆ 38 ಪೀಸ್. ತಡವಾದದ್ದನ್ನು ಸರಿದೂಗಿಸಲು ಆ ಆರ್ಡರ್‌ನಲ್ಲಿ ಇನ್ನೊಂದು ಲಾರಿ ಇಲ್ಲವಲ್ಲ. ಜೋರಾಗಿ ಓಡುವ ಐಟಂಗಳಲ್ಲಿ `d` ದೊಡ್ಡದು, ಅದರ ವರ್ಗ ಇನ್ನೂ ದೊಡ್ಡದು. ಹಾಗಾಗಿ ಅವುಗಳಲ್ಲಿ ಈ ಎರಡನೇ ತುಂಡು ಸಾಮಾನ್ಯವಾಗಿ ಮೇಲುಗೈ.

1672ರ ವರ್ಗಮೂಲ 40.9. 15 ಮತ್ತು 38 ಅನ್ನು ನೇರವಾಗಿ ಕೂಡಿ 53 ಅನ್ನಬಾರದು. ಮಾರಾಟವೂ ಜೋರು, ಲಾರಿಯೂ ತಡ, ಎರಡೂ ಒಂದೇ ಸಲ ಆಗುವುದು ಅಪರೂಪ ಅನ್ನುವ ಲೆಕ್ಕದಲ್ಲಿ ವರ್ಗಗಳನ್ನು ಕೂಡುತ್ತೇವೆ. (ಅಪರೂಪ ಅಲ್ಲದ ಕಾಲವೂ ಇದೆ, ಬೇಸಿಗೆ. ಅದನ್ನು ಕೆಳಗೆ ನೋಡೋಣ.)

`z`ಗೆ 95 ಅನ್ನುವ ಮಟ್ಟ ಹಿಡಿದರೆ 1.645. ಆಗ 40.9 × 1.645 = 67.3, ಅಂದರೆ 68 ಪೀಸ್ ಸೇಫ್ಟಿ ಸ್ಟಾಕ್. ಲಾರಿ ಬರುವ ತನಕ ಸರಾಸರಿ ಖರ್ಚು 14 × 6 = 84. ರಿಆರ್ಡರ್ ಪಾಯಿಂಟ್ 84 + 68 = 152.

ಲಾರಿಯ ಏರಿಳಿತ ಬಿಟ್ಟು ಲೆಕ್ಕ ಹಾಕಿದ್ದರೆ ಸೇಫ್ಟಿ ಸ್ಟಾಕ್ 25, ರಿಆರ್ಡರ್ ಪಾಯಿಂಟ್ 109 ಬರುತ್ತಿತ್ತು. ಮಾಲು ಬರಲು 8 ದಿನ ಹಿಡಿದರೆ ಸಾಕು, ಸರಾಸರಿ ಮಾರಾಟಕ್ಕೇ 112 ಬೇಕು, ಅಂಗಡಿ ಖಾಲಿ. ಇನ್ನೊಂದು ತುದಿಯಲ್ಲಿ, ಅತಿ ಹೆಚ್ಚು ಮಾರಾಟವನ್ನು ಅತಿ ಹೆಚ್ಚು ದಿನದಿಂದ ಗುಣಿಸಿ ಸರಾಸರಿ ಖರ್ಚು ಕಳೆಯುವ ಪದ್ಧತಿ ಇದೆ. ಹಲವು ಕಡೆ ಇದನ್ನೇ ಹೇಳಿಕೊಡುತ್ತಾರೆ. 27 × 12 = 324, ಅದರಲ್ಲಿ 84 ಹೋದರೆ 240 ಪೀಸ್ ಸೇಫ್ಟಿ ಸ್ಟಾಕ್. ಸತತ 12 ದಿನ ದಿನಕ್ಕೆ 27 ಮಾರುವ ಅಂಗಡಿ ನಮ್ಮದಲ್ಲ, ಅಲ್ವಾ?

ಎಕ್ಸೆಲ್‌ನಲ್ಲಿ ಮಾರಾಟವನ್ನು A2ರಿಂದ A13ರ ತನಕ, ಲೀಡ್ ಟೈಮನ್ನು B2ರಿಂದ B9ರ ತನಕ ತುಂಬಿ, D ಕಾಲಂನಲ್ಲಿ ಇವನ್ನು ಹಾಕಿ. ಗೂಗಲ್ ಶೀಟ್ಸ್‌ನಲ್ಲೂ ಇವೇ ನಡೆಯುತ್ತವೆ.

```
D1: =AVERAGE(A2:A13)
D2: =STDEV.S(A2:A13)
D3: =AVERAGE(B2:B9)
D4: =STDEV.S(B2:B9)
D5: =ROUNDUP(NORM.S.INV(0.95)*SQRT(D3*D2^2+D1^2*D4^2),0)
D6: =ROUNDUP(D1*D3,0)+D5
```

D5ರಲ್ಲಿ 68, D6ರಲ್ಲಿ 152 ಬಂದರೆ ಸರಿಯಾಗಿ ಹಾಕಿದ್ದೀರಿ.

95 ಅಂದರೆ ಯಾವುದರ 95?

ಇಲ್ಲಿ ಗೊಂದಲ ಜಾಸ್ತಿ. 100 ಗಿರಾಕಿಗಳಲ್ಲಿ 95 ಜನಕ್ಕೆ ಮಾಲು ಸಿಗುತ್ತದೆ ಅಂತ ಅರ್ಥ ಅಲ್ಲ. 100 ಸಲ ಆರ್ಡರ್ ಹಾಕಿದರೆ 95 ಸಲ ಹೊಸ ಮಾಲು ಬರುವ ಮೊದಲು ರ್‍ಯಾಕ್ ಖಾಲಿ ಆಗುವುದಿಲ್ಲ ಅಂತ. ಉಳಿದ 5 ಸಲದಲ್ಲೂ ಕೊನೆಯ ಒಂದೆರಡು ದಿನ ಮಾತ್ರ ಇಲ್ಲ ಅನ್ನಬೇಕಾದೀತು, ಅಷ್ಟರೊಳಗೆ ಬಂದವರಿಗೆಲ್ಲ ಕೊಟ್ಟಾಗಿರುತ್ತದೆ. ಹಾಗಾಗಿ ಬರಿಗೈಲಿ ಹೋಗುವ ಗಿರಾಕಿಗಳ ಪಾಲು 5ಕ್ಕಿಂತ ತುಂಬಾ ಕಡಿಮೆ, ಒಂದೇ ಸಲಕ್ಕೆ ದೊಡ್ಡ ಆರ್ಡರ್ ಹಾಕುವವರಲ್ಲಿ ಇನ್ನೂ ಕಡಿಮೆ.

90ಕ್ಕೆ `z` 1.28, 99ಕ್ಕೆ 2.33. ನಮ್ಮ ಬೇರಿಂಗ್‌ಗೆ ಅದು 53 ಮತ್ತು 96 ಪೀಸ್ ಆಗುತ್ತದೆ. 95ರಿಂದ 99ಕ್ಕೆ ಏರಲು 28 ಪೀಸ್ ಹೆಚ್ಚು. ಪೀಸಿಗೆ 200 ರೂಪಾಯಿ ಅಂತ ಹಿಡಿದರೆ 5,600 ರೂಪಾಯಿ ರ್‍ಯಾಕ್‌ನಲ್ಲಿ ಕೂತಿರುತ್ತದೆ. ಒಂದು ಐಟಂಗೆ ಇದು ಏನೂ ಅಲ್ಲ, ಇಂಥ 400 ಐಟಂ ಇದ್ದಾಗ ಗೊತ್ತಾಗುತ್ತದೆ. ನನ್ನ ಕೇಳಿದರೆ, 6205 ಸಿಗಲಿಲ್ಲ ಅಂತ ಗಿರಾಕಿ ಪಕ್ಕದ ಅಂಗಡಿಗೆ ಹೋಗಿ ಅಲ್ಲೇ ಗ್ರೀಸು, ಸೀಲು, ಬೆಲ್ಟು ಎಲ್ಲ ತಗೊಂಡುಬಿಡುವಂಥ ಐಟಂಗಳಿಗೆ 98 ಅಥವಾ 99 ಇಡಿ, ಉಳಿದವಕ್ಕೆ 90 ಸಾಕು. ಎಲ್ಲಕ್ಕೂ ಕಣ್ಣುಮುಚ್ಚಿ 99 ಇಡುವುದು ದುಡ್ಡಿದ್ದವರ ಕೆಲಸ.

ಸೂತ್ರವನ್ನು ನಂಬುವ ಮೊದಲು ಒಂದು ಪರೀಕ್ಷೆ

ಈ ಸೂತ್ರಕ್ಕೆ ಒಂದು ನಂಬಿಕೆ ಇದೆ: ಏರಿಳಿತ ಎರಡೂ ಕಡೆ ಸಮನಾಗಿ ಇರುತ್ತದೆ ಅಂತ. ಲಾರಿ ಹಾಗಲ್ಲ. ಬೇಗ ಬಂದರೆ ಎಷ್ಟು ಬೇಗ ಬಂದೀತು, 3 ದಿನ. ತಡವಾದರೆ 12 ಆಗಬಹುದು, 20 ಕೂಡ.

ನಮ್ಮ 8 ಆರ್ಡರ್‌ಗಳನ್ನು ಮತ್ತೆ ನೋಡಿ. ಎಂಟರಲ್ಲಿ ಒಂದು 12 ದಿನ. ಆ 12 ದಿನದಲ್ಲಿ ಸರಾಸರಿ ಮಾರಾಟವೇ 168. ನಮ್ಮ ಹತ್ತಿರ 152. ಮಾರಾಟ ಸ್ವಲ್ಪ ಕಡಿಮೆಯಾದರೆ ಬಚಾವ್, ಆದರೆ ಅಂಥ ಐದು ಸಲದಲ್ಲಿ ಸುಮಾರು ನಾಲ್ಕು ಸಲ ಖಾಲಿ ಆಗುತ್ತದೆ. ಎಂಟರಲ್ಲಿ ಒಂದು, ಅದರಲ್ಲಿ ಐದಕ್ಕೆ ನಾಲ್ಕು ಅಂದರೆ 100 ಆರ್ಡರ್‌ಗೆ ಸುಮಾರು 10 ಸಲ ಖಾಲಿ. ಸೂತ್ರ 5 ಅಂದಿತ್ತು. ಇತಿಹಾಸ ಹೀಗೇ ಮುಂದುವರಿದರೆ ನಿಜವಾಗಿ 95 ಸಿಗಲು 152 ಸಾಲದು, 170ರ ಮೇಲೆ ಬೇಕು.

ಹಾಗಾದರೆ ಆ 12ನ್ನು ಏನು ಮಾಡುವುದು? ಮೊದಲು ಯಾಕೆ ಆಯಿತು ಅಂತ ಹುಡುಕಿ. ಮತ್ತೆ ಆಗುವಂಥದ್ದಲ್ಲ ಅನ್ನಿಸಿದರೆ, ಉದಾಹರಣೆಗೆ ಪಾರ್ಸೆಲ್ ತಪ್ಪಿ ಬೇರೆ ಊರಿಗೆ ಹೋಗಿ ವಾಪಸ್ ಬಂತು ಅಂದರೆ, ಪಟ್ಟಿಯಿಂದ ತೆಗೆಯಬಹುದು. ತೆಗೆದರೆ ಸರಾಸರಿ 5.14 ದಿನ, ಏರಿಳಿತ 1.35 ದಿನ, ಸೇಫ್ಟಿ ಸ್ಟಾಕ್ 39, ರಿಆರ್ಡರ್ ಪಾಯಿಂಟ್ 111ಕ್ಕೆ ಇಳಿಯುತ್ತದೆ. ಒಂದೇ ಒಂದು ಎಂಟ್ರಿಗೆ 41 ಪೀಸ್ ವ್ಯತ್ಯಾಸ! ಅದಕ್ಕೇ ಸುಮ್ನೆ ತೆಗೆಯಬೇಡಿ. ಆಯುಧ ಪೂಜೆ, ದೀಪಾವಳಿ ಹೊತ್ತಿಗೆ ಹಮಾಲರು ಊರಿಗೆ ಹೋಗಿ ಗೋಡೌನ್‌ನಲ್ಲಿ ಮಾಲು ಬಿದ್ದಿತ್ತು ಅಂದರೆ ಅದು ಮುಂದಿನ ವರ್ಷವೂ ಆಗುತ್ತದೆ. ಅದನ್ನು ಪಟ್ಟಿಯಿಂದ ತೆಗೆದರೂ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಹಬ್ಬಕ್ಕೆ ಎರಡು ವಾರ ಮೊದಲೇ ಹೆಚ್ಚಿಗೆ ತರಿಸಿ. ಡಿಸ್ಟ್ರಿಬ್ಯೂಟರ್ ಹತ್ತಿರವೇ ಮಾಲು ಇರಲಿಲ್ಲ ಅನ್ನುವ ಕಾರಣವಾದರೆ ಅದು ಯಾವಾಗ ಬೇಕಾದರೂ ಮರುಕಳಿಸಬಹುದು, ಪಟ್ಟಿಯಲ್ಲೇ ಇರಲಿ.

ಇನ್ನೂ ನೇರವಾದ ಪರೀಕ್ಷೆ ಬೇಕೇ? ಪ್ರತಿ ಆರ್ಡರ್‌ಗೆ, ಸ್ಟಾಕ್ ರಿಆರ್ಡರ್ ಪಾಯಿಂಟ್ ಮುಟ್ಟಿದಾಗಿನಿಂದ ಮಾಲು ರ್‍ಯಾಕ್‌ಗೆ ಬರುವ ತನಕ ನಿಜವಾಗಿ ಎಷ್ಟು ಪೀಸ್ ಹೋಯಿತು ಅಂತ ಒಂದು ಕಾಲಂನಲ್ಲಿ ಬರೆಯುತ್ತಾ ಹೋಗಿ. ಇಪ್ಪತ್ತು ಮೂವತ್ತು ಆರ್ಡರ್ ಸೇರಿದ ಮೇಲೆ ಅದರಲ್ಲಿ ಎಷ್ಟು ಅಂಕಿ ನಿಮ್ಮ ರಿಆರ್ಡರ್ ಪಾಯಿಂಟ್ ದಾಟಿವೆ ಅಂತ ಎಣಿಸಿದರೆ ಸಾಕು.

152 ಅನ್ನು ಯಾವುದಕ್ಕೆ ಹೋಲಿಸಬೇಕು

ಲೆಕ್ಕ ಸರಿಯಾಗಿ ಹಾಕಿ ಬಳಸುವಾಗ ಎಡವುವ ಜಾಗ ಇದು. ರ್‍ಯಾಕ್‌ನಲ್ಲಿ ಇರುವ ಪೀಸ್‌ಗೆ ಮಾತ್ರ ಹೋಲಿಸಬಾರದು. ರ್‍ಯಾಕ್‌ನಲ್ಲಿ ಇರುವುದು, ಆರ್ಡರ್ ಹಾಕಿ ಇನ್ನೂ ಬಾರದೆ ಇರುವುದು, ಎರಡನ್ನೂ ಕೂಡಿ, ಗಿರಾಕಿಗಳಿಗೆ ಎತ್ತಿಡುತ್ತೇನೆ ಅಂತ ಮಾತು ಕೊಟ್ಟದ್ದನ್ನು ಕಳೆಯಬೇಕು.

ರ್‍ಯಾಕ್‌ನಲ್ಲಿ 90, ದಾರಿಯಲ್ಲಿ 300, ಮಾತು ಕೊಟ್ಟದ್ದು 20 ಅಂದರೆ 370. ಈಗ ಆರ್ಡರ್ ಬೇಡ. ಹುಡುಗ ರ್‍ಯಾಕ್ ನೋಡಿ "ಅಣ್ಣ, 90 ಇದೆ" ಅಂದ ಕೂಡಲೇ ಮತ್ತೆ 300 ಹಾಕಿದರೆ ಮುಂದಿನ ತಿಂಗಳ ದುಡ್ಡು ಬೇರಿಂಗ್ ಆಗಿ ಕೂರುತ್ತದೆ. ತಿರುಗಾ, ರ್‍ಯಾಕ್‌ನಲ್ಲಿ 160, ದಾರಿಯಲ್ಲಿ ಏನೂ ಇಲ್ಲ, ಮಾತು ಕೊಟ್ಟದ್ದು 20 ಅಂದರೆ 140. ನೋಡಲು ಸಾಕಷ್ಟಿದೆ, ಆದರೆ ಇವತ್ತೇ ಫೋನ್ ಮಾಡಬೇಕು.

ಈ 152 ದಿನಾ ಸ್ಟಾಕ್ ನೋಡುವವರಿಗೆ. ಶನಿವಾರ ಮಾತ್ರ ನೋಡಿ ಆರ್ಡರ್ ಹಾಕುವ ಪದ್ಧತಿ ಇದ್ದರೆ ಲೆಕ್ಕ ಬದಲಾಗುತ್ತದೆ. ಈ ಶನಿವಾರ ಹಾಕಿದ ಮಾಲು ಮುಂದಿನ ಶನಿವಾರ ಹಾಕುವ ಮಾಲು ಬರುವ ತನಕ ನಡೆಯಬೇಕು, ಅಂದರೆ 6 + 6 = 12 ದಿನ. ಸರಾಸರಿ ಖರ್ಚು 168. ಮಾರಾಟದ ತುಂಡು 12 × 36 = 432, ಲಾರಿಯ ತುಂಡು ಅದೇ 1456. ಸೇಫ್ಟಿ ಸ್ಟಾಕ್ 72, ಒಟ್ಟು 240. ಪ್ರತಿ ಶನಿವಾರ ಮೇಲೆ ಹೇಳಿದ ಹಾಗೆ ಕೂಡಿ ಕಳೆದು, 240ಕ್ಕೆ ಎಷ್ಟು ಕಮ್ಮಿ ಇದೆಯೋ ಅಷ್ಟು ಆರ್ಡರ್ ಹಾಕಿ.

ಸೇಫ್ಟಿ ಸ್ಟಾಕ್ ಇಳಿಸುವ ದಾರಿ

ಶೇ. 87 ಲಾರಿಯ ಕಡೆಯದ್ದು ಅಂತ ಗೊತ್ತಾದ ಮೇಲೆ ಕೆಲಸ ಎಲ್ಲಿ ಮಾಡಬೇಕು ಅನ್ನುವುದೂ ಗೊತ್ತಾಗುತ್ತದೆ. ಲೀಡ್ ಟೈಮ್ ಸರಾಸರಿ 6 ದಿನವೇ ಇರಲಿ, ಏರಿಳಿತ 2.73ರಿಂದ 1 ದಿನಕ್ಕೆ ಇಳಿದರೆ ಸೇಫ್ಟಿ ಸ್ಟಾಕ್ 68ರಿಂದ 34ಕ್ಕೆ ಇಳಿಯುತ್ತದೆ. ಅರ್ಧ. ಬೇಗ ಕೊಡಿ ಅಂತ ಡಿಸ್ಟ್ರಿಬ್ಯೂಟರ್‌ಗೆ ಗೋಗರೆಯುವುದಕ್ಕಿಂತ ಹೇಳಿದ ದಿನ ಕೊಡಿ ಅನ್ನುವುದು ಲಾಭ.

ಅದಕ್ಕೆ ಲೀಡ್ ಟೈಮನ್ನು ಮೂರು ತುಂಡು ಮಾಡಿ ಬರೆಯಿರಿ: ಸ್ಟಾಕ್ ಇಳಿದ ದಿನದಿಂದ ಆರ್ಡರ್ ಹೋದ ದಿನ, ಅಲ್ಲಿಂದ ಎಲ್‌ಆರ್ ಅಂದರೆ ಲಾರಿಯವರ ರಸೀದಿ ಆದ ದಿನ, ಅಲ್ಲಿಂದ ರ್‍ಯಾಕ್‌ಗೆ ಬಂದ ದಿನ. ಎಲ್‌ಆರ್ ಫೋಟೋ ಅದೇ ದಿನ ವಾಟ್ಸಾಪ್‌ಗೆ ಹಾಕಿ ಅಂತ ಡಿಸ್ಟ್ರಿಬ್ಯೂಟರ್‌ಗೆ ಹೇಳಿದರೆ ಎರಡನೇ ತುಂಡು ತಾನಾಗಿ ದಾಖಲಾಗುತ್ತದೆ. ನಾಲ್ಕೈದು ಆರ್ಡರ್ ಆದ ಮೇಲೆ ಏರಿಳಿತ ಯಾವ ತುಂಡಿನಲ್ಲಿ ಜಾಸ್ತಿ ಅಂತ ಕಾಣುತ್ತದೆ. ಮೊದಲನೇ ತುಂಡಿನಲ್ಲಿ ಇದ್ದರೆ ಬೈಯಲು ಯಾರೂ ಸಿಗುವುದಿಲ್ಲ, ಅದು ನಮ್ಮದೇ.

ಬೇಸಿಗೆ ಮತ್ತು ನಿಧಾನ ಓಡುವ ಐಟಂ

ಬೇಸಿಗೆಯಲ್ಲಿ ಪಂಪುಗಳ ಓಟ ಜಾಸ್ತಿ, ಮೋಟರ್ ರಿಪೇರಿ ಜಾಸ್ತಿ, ಬೇರಿಂಗ್ ಕೇಳುವವರೂ ಜಾಸ್ತಿ. ಅದೇ ಹೊತ್ತಿಗೆ ಸುತ್ತಲಿನ ಊರುಗಳ ಅಂಗಡಿಯವರೂ ಆರ್ಡರ್ ಹಾಕುತ್ತಿರುತ್ತಾರೆ, ಡಿಸ್ಟ್ರಿಬ್ಯೂಟರ್ ಹತ್ತಿರವೂ ಕೊರತೆ ಬರಬಹುದು. ಮಾರಾಟ ಏರುವುದು, ಮಾಲು ತಡವಾಗುವುದು ಒಟ್ಟಿಗೆ ಆಗುತ್ತದೆ. ಎರಡೂ ಒಂದಕ್ಕೊಂದು ಸಂಬಂಧ ಇಲ್ಲದೆ ಏರಿಳಿಯುತ್ತವೆ ಅನ್ನುವುದು ಸೂತ್ರದ ನಂಬಿಕೆ, ಇಲ್ಲಿ ಅದು ಮುರಿಯುತ್ತದೆ, ಬರುವ ಉತ್ತರ ಕಮ್ಮಿಯಾಗಿ ಬರುತ್ತದೆ. ಇಡೀ ವರ್ಷದ ಸರಾಸರಿ ಹಾಕಬೇಡಿ. ಕಳೆದ ವರ್ಷದ ಫೆಬ್ರವರಿಯಿಂದ ಮೇ ತನಕದ ಮಾರಾಟವನ್ನೂ ಲೀಡ್ ಟೈಮನ್ನೂ ಬೇರೆ ಶೀಟಿನಲ್ಲಿ ಹಾಕಿ, ಬಂದ ರಿಆರ್ಡರ್ ಪಾಯಿಂಟನ್ನು ಜನವರಿ ಕೊನೆಯಲ್ಲೇ ಜಾರಿಗೆ ತನ್ನಿ. ಮಳೆ ಹಿಡಿಯುವ ಹೊತ್ತಿಗೆ ಮರೆಯದೆ ವಾಪಸ್ ಇಳಿಸಿ, ಇಳಿಸದೆ ಬಿಟ್ಟರೆ ಜುಲೈನಲ್ಲಿ ರ್‍ಯಾಕ್ ತುಂಬಿರುತ್ತದೆ.

ತಿಂಗಳಿಗೆ ಒಂದೋ ಎರಡೋ ಹೋಗುವ ದೊಡ್ಡ ಬೇರಿಂಗ್‌ಗಳಿಗೆ ಈ ಸೂತ್ರ ಹಾಕಬೇಡಿ. ಪಟ್ಟಿಯ ತುಂಬಾ ಸೊನ್ನೆ ಇದ್ದಾಗ ಸ್ಟ್ಯಾಂಡರ್ಡ್ ಡೀವಿಯೇಷನ್‌ನಿಂದ ಬರುವ ಉತ್ತರಕ್ಕೆ ಹೆಚ್ಚು ಬೆಲೆ ಇಲ್ಲ. ಅಂಥವಕ್ಕೆ, ಲೀಡ್ ಟೈಮ್ ಹೆಚ್ಚೆಂದರೆ ಎರಡು ವಾರ ಅಂತ ಹಿಡಿದು, ಕಳೆದ ಒಂದೆರಡು ವರ್ಷದಲ್ಲಿ ಯಾವುದೇ ಎರಡು ವಾರದಲ್ಲಿ ಅತಿ ಹೆಚ್ಚು ಎಷ್ಟು ಹೋಗಿದೆ ಅಂತ ನೋಡಿ. ಎರಡು ಹೋಗಿದ್ದರೆ, ಸ್ಟಾಕ್ ಎರಡಕ್ಕೆ ಇಳಿದ ದಿನ ಆರ್ಡರ್ ಹಾಕಿ.